ಮೇಸ್ತ್ರಿಯ ಆರು ಸಾವಿರ ಲೀಟರ್, ನನ್ನ ಕೋಲಿನ ಲೆಕ್ಕ

ನಮ್ಮ ಮನೆ ಉಡುಪಿಯ ಪರ್ಕಳದ ಕಡೆ, ಏರಿನ ಮೇಲೆ. ಬಾವಿ ಉಂಟು, ನಗರಸಭೆಯ ನಲ್ಲಿಯೂ ಉಂಟು. ಮಾಡಿನ ಮೇಲೆ ಸಾವಿರ ಲೀಟರಿನ ಕರಿ ಟ್ಯಾಂಕ್. ಬಾವಿಯಿಂದ ಪಂಪು ಹಾಕಿ ಅದನ್ನು ತುಂಬಿಸಿಕೊಂಡು ವರ್ಷಗಟ್ಟಲೆ ಸುಖವಾಗಿದ್ದೆವು. ನಲ್ಲಿ ನೀರು ಕುಡಿಯಲಿಕ್ಕೆ, ಅಡುಗೆಗೆ ಮಾತ್ರ.

2019ರ ಮೇ ತಿಂಗಳಲ್ಲಿ, ನಮ್ಮ ನಲ್ಲಿಗೆ ನೀರು ಬರುವ ಬಜೆ ಅಣೆಕಟ್ಟಿನಲ್ಲಿ ಸ್ವರ್ಣಾ ನದಿಯ ತಳ ಕಂಡಿತು. ನಮ್ಮ ಕಡೆಗೆ ಮೂರು ದಿನಕ್ಕೊಮ್ಮೆ ನೀರು, ಬೆಳಗ್ಗೆ ಐದರಿಂದ ಒಂಬತ್ತರವರೆಗೆ. ಅದೇ ಹೊತ್ತಿಗೆ ಬಾವಿಯೂ ಕೈಕೊಟ್ಟಿತು. ಇಪ್ಪತ್ತು ನಿಮಿಷ ಪಂಪು ಓಡಿದರೆ ಗಾಳಿ ಎಳೆಯಲು ಶುರು. ಮನೆಯಲ್ಲಿ ಇದ್ದದ್ದು 200 ಲೀಟರಿನ ಮೂರು ಡ್ರಮ್ಮು. ಆರು ಗಂಟೆಗೆ ಮೂರೂ ತುಂಬುತ್ತಿತ್ತು. ಆಮೇಲೂ ಮೂರು ಗಂಟೆ ನಲ್ಲಿಯಲ್ಲಿ ನೀರು ಬರುತ್ತಲೇ ಇತ್ತು, ಹಿಡಿದಿಡಲು ಜಾಗ ಇಲ್ಲ. ಹಂಡೆ, ಪಾತ್ರೆ, ಕೊನೆಗೆ ಮಗಳ ಹಳೇ ಸ್ನಾನದ ಟಬ್ಬು ಕೂಡ ತುಂಬಿತು. ಬರಗಾಲದಲ್ಲಿ ನೀರು ಬಂದೂ ನಲ್ಲಿ ಮುಚ್ಚಬೇಕಾದ ಸಂಕಟ ಅದು. ಸಂಪು ಕಟ್ಟಿಸುವುದು ಅಂತ ಅವತ್ತೇ ತೀರ್ಮಾನ ಆಯಿತು.

ಎಷ್ಟು ದೊಡ್ಡದು? ಕೇಳಿದವರೆಲ್ಲ ಒಂದೊಂದು ಹೇಳಿದರು. ಪಕ್ಕದ ಮನೆಯವರು ಹತ್ತು ಸಾವಿರ ಅಂದರು. ಒಬ್ಬ ಸ್ನೇಹಿತರು ತಲೆಗೆ 135 ಲೀಟರ್ ಹಿಡಿದು ಗುಣಿಸು ಅಂದರು. ಒಳಚರಂಡಿ ಇರುವ ಊರುಗಳಿಗೆ ಸರ್ಕಾರ ಇಟ್ಟುಕೊಂಡಿರುವ ಲೆಕ್ಕ ಅದು. ಆದರೆ ಅದು ಇಡೀ ಊರಿಗೆ ಪೈಪು ಹಾಕುವವರ ಅಂದಾಜು. ನಮ್ಮ ಮನೆಯಲ್ಲಿ ಅಮ್ಮ ಒಂದೂವರೆ ಬಕೆಟ್‌ನಲ್ಲಿ ಸ್ನಾನ ಮುಗಿಸುತ್ತಾರೆ, ಮಗ ಶವರ್ ಕೆಳಗೆ ನಿಂತರೆ ಬಾಗಿಲು ಬಡಿಯಬೇಕು. ಹಾಗಾಗಿ ಅಳೆದೇ ನೋಡೋಣ ಅಂದುಕೊಂಡೆ. ನಾನು ಹೈಸ್ಕೂಲಿನಲ್ಲಿ ಗಣಿತ ಮೇಷ್ಟ್ರು, ಇಂಥದ್ದಕ್ಕೆ ಸ್ವಲ್ಪ ಚಪಲ ಜಾಸ್ತಿ.

ಅಳೆಯಲು ಮೀಟರ್ ಬೇಕಾಗಿಲ್ಲ. ಟ್ಯಾಂಕಿನ ಒಳಗಿನ ಅಡ್ಡಳತೆ 110 ಸೆಂ.ಮೀ. ಅಂದರೆ ನೀರು ಒಂದು ಸೆಂಟಿಮೀಟರ್ ಇಳಿದರೆ ಒಂಬತ್ತೂವರೆ ಲೀಟರ್ ಖರ್ಚಾದ ಹಾಗೆ. ಒಂದು ಬಿದಿರಿನ ಕೋಲಿಗೆ ಗೆರೆ ಎಳೆದುಕೊಂಡೆ. ಅಕ್ಟೋಬರ್ ತಿಂಗಳು, ಬಾವಿ ತುಂಬಿತ್ತು. ಬೆಳಗ್ಗೆ ಆರಕ್ಕೆ ಟ್ಯಾಂಕ್ ತುಂಬಿಸಿ ಪಂಪು ಬಂದ್. ಮಾರನೇ ದಿನ ಆರಕ್ಕೆ ಕೋಲು ಇಳಿಸಿ ನೋಡುವುದು, ಬರೆಯುವುದು, ಮತ್ತೆ ತುಂಬಿಸುವುದು. ಒಂದು ದಿನದ ಅಳತೆ ಸಾಲದು. ಬಟ್ಟೆ ಒಗೆಯುವ ದಿನವೂ ಒಗೆಯದ ದಿನವೂ ಸೇರಬೇಕು, ಹಾಗಾಗಿ ಪೂರ್ತಿ ಒಂದು ವಾರ ಮಾಡಿದೆ. ಮಲ್ಲಿಗೆ ಗಿಡಕ್ಕೆ, ತೆಂಗಿನ ಬುಡಕ್ಕೆ ಬೇರೆ ನೀರು. ಅದನ್ನು ಈ ಲೆಕ್ಕಕ್ಕೆ ಸೇರಿಸಲಿಲ್ಲ.

ಮಾಮೂಲಿ ದಿನ 71 ಸೆಂ.ಮೀ. ಇಳಿಯುತ್ತಿತ್ತು. ಸುಮಾರು 675 ಲೀಟರ್. ಐದು ಜನಕ್ಕೆ ಹಂಚಿದರೆ ಸರಿಯಾಗಿ 135! ಸ್ನೇಹಿತರಿಗೆ ಫೋನ್ ಮಾಡಿ ನೀವು ಹೇಳಿದ್ದೇ ಸರಿ ಅಂತ ಒಪ್ಪಿಕೊಂಡೂ ಆಯಿತು. ಆದರೆ ಬಟ್ಟೆ ಒಗೆಯದ ದಿನವೂ ಇಷ್ಟು ಖರ್ಚಾಗುವುದು ಮನಸ್ಸಿಗೆ ಹಿಡಿಸಲಿಲ್ಲ. ಒಂದು ರಾತ್ರಿ ಹನ್ನೊಂದಕ್ಕೆ ಎಲ್ಲರೂ ಮಲಗಿದ ಮೇಲೆ ಕೋಲು ಇಳಿಸಿದೆ. ಬೆಳಗ್ಗೆ ಐದಕ್ಕೆ ಯಾರೂ ಏಳುವ ಮೊದಲು ಮತ್ತೆ ನೋಡಿದೆ. ಮೂರು ಸೆಂಟಿಮೀಟರ್ ಇಳಿದಿತ್ತು. ನೀರು ಮುಟ್ಟಿದವರೇ ಇಲ್ಲ, ಆರು ಗಂಟೆಯಲ್ಲಿ 28 ಲೀಟರ್ ಮಾಯ. ಅಂದರೆ ದಿನಕ್ಕೆ 114 ಲೀಟರ್, ಒಬ್ಬ ಮನುಷ್ಯನ ಖರ್ಚು.

ನಲ್ಲಿಗಳು ತೊಟ್ಟಿಕ್ಕುತ್ತಿರಲಿಲ್ಲ. ಗೋಡೆಯಲ್ಲಿ ತೇವ ಇಲ್ಲ. ಉಳಿದದ್ದು ಫ್ಲಶ್ ಟ್ಯಾಂಕ್. ಬಟ್ಟೆಗೆ ಹಾಕುವ ನೀಲಿಯನ್ನು ಎರಡು ಹನಿ ಅದರೊಳಗೆ ಬಿಟ್ಟು, ಫ್ಲಶ್ ಮಾಡದೆ ಅರ್ಧ ಗಂಟೆ ಕಾದೆ. ಕೆಳಗೆ ಕಮೋಡಿನ ನೀರು ತಿಳಿ ನೀಲಿಯಾಯಿತು. ಒಳಗಿನ ರಬ್ಬರ್ ವಾಷರ್ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಶಬ್ದ ಇಲ್ಲದೆ, ಕಣ್ಣಿಗೂ ಕಾಣದೆ ಕಮೋಡಿನ ಒಳಬದಿಗುಂಟ ನೀರು ಇಳಿಯುತ್ತಿತ್ತು. ವಾಷರ್ ಬದಲಿಸಿದ ಮೇಲೆ ಇನ್ನೊಂದು ವಾರ ಅಳೆದೆ. "ಎಂಥ ಮಾರಾಯ್ರೆ, ಟ್ಯಾಂಕಿಗೆ ಪೂಜೆ ಮಾಡ್ತೀರಾ ದಿನಾ?" ಅಂತ ಹೆಂಡತಿ ನಕ್ಕಳು. ಈಗ ಮಾಮೂಲಿ ದಿನಕ್ಕೆ 59 ಸೆಂ.ಮೀ., ವಾರಕ್ಕೆರಡು ಬಟ್ಟೆಯ ದಿನ 81. ಲೀಟರಿನಲ್ಲಿ 560 ಮತ್ತು 770. ವಾರದ ಸರಾಸರಿ ದಿನಕ್ಕೆ 620, ತಲೆಗೆ 124.

ಸೋರಿಕೆ ಹುಡುಕದೆ ಲೆಕ್ಕ ಹಾಕಿದ್ದರೆ ಸೋರಿಕೆಗೂ ಸೇರಿಸಿ ಸಂಪು ಕಟ್ಟಿಸುತ್ತಿದ್ದೆ, ಅಲ್ವಾ?

ಇನ್ನು ಎಷ್ಟು ದಿನಕ್ಕೆ ಅನ್ನುವುದು. ಜನ ಗುಣಿಸು ಲೀಟರ್ ಅಂದರೆ ಒಂದು ದಿನದ ಖರ್ಚು ಮಾತ್ರ ಸಿಗುತ್ತದೆ. ಎರಡು ಸರದಿಯ ನಡುವೆ ಎಷ್ಟು ದಿನ ಅನ್ನುವುದೇ ಟ್ಯಾಂಕಿನ ಅಳತೆಯನ್ನು ತೀರ್ಮಾನಿಸುತ್ತದೆ. ನಮಗೆ ಮೂರು ದಿನ. ಕರೆಂಟ್ ಹೋಯಿತು, ಪೈಪು ಒಡೆಯಿತು ಅಂತ ಒಂದು ದಿನ ತಡವಾಗುವುದು ಮಾಮೂಲು, ಹಾಗಾಗಿ ನಾಲ್ಕು. 620 ಗುಣಿಸು 4, ಸುಮಾರು 2,480 ಲೀಟರ್.

ಆದರೆ ನೀರಿಲ್ಲದ ಮೇ ತಿಂಗಳಲ್ಲೇ ನಮ್ಮಲ್ಲಿ ಜನ ಜಾಸ್ತಿ. ಮಕ್ಕಳಿಗೆ ರಜೆ, ಮುಂಬೈಯಿಂದ ತಂಗಿಯ ಸಂಸಾರ ನಾಲ್ಕು ಜನ ಹದಿನೈದು ದಿನಕ್ಕೆ ಬರುತ್ತಾರೆ. ಒಂಬತ್ತು ಜನಕ್ಕೆ 124ರಂತೆ ಹಿಡಿದರೆ ನಾಲ್ಕು ದಿನಕ್ಕೆ ನಾಲ್ಕೂವರೆ ಸಾವಿರ ಆಗುತ್ತದೆ. ನಾನು ಹಾಗೆ ಹಿಡಿಯಲಿಲ್ಲ. ನೀರು ಕಡಿಮೆ ಅಂತ ಗೊತ್ತಿದ್ದಾಗ ಮನುಷ್ಯ ಬೇರೆ ರೀತಿ ಬದುಕುತ್ತಾನೆ. ಮೇ ತಿಂಗಳಲ್ಲಿ ಡ್ರಮ್ಮಿನಿಂದ ಕೊಡದಲ್ಲಿ ಎತ್ತಿ ಖರ್ಚು ಮಾಡುವಾಗ ಲೆಕ್ಕ ತಾನಾಗಿ ಸಿಕ್ಕಿತ್ತು: ಐದು ಜನಕ್ಕೆ ದಿನಕ್ಕೆ 450 ಲೀಟರ್, ತಲೆಗೆ 90. ಯಾರೂ ಸ್ನಾನ ಬಿಟ್ಟಿರಲಿಲ್ಲ. ಆ ಲೆಕ್ಕದಲ್ಲಿ ಒಂಬತ್ತು ಜನಕ್ಕೆ ದಿನಕ್ಕೆ 810, ನಾಲ್ಕು ದಿನಕ್ಕೆ 3,240. ಇದನ್ನೇ ಗುರಿ ಇಟ್ಟುಕೊಂಡೆ.

ಇದರಲ್ಲಿ ಮಾಡಿನ ಮೇಲಿನ ಟ್ಯಾಂಕಿನ ಪಾಲು ಎಷ್ಟು? ಹೆಸರಿಗೆ ಸಾವಿರ. ಫ್ಲೋಟ್ ವಾಲ್ವ್ 96 ಸೆಂ.ಮೀ.ಗೇ ಮುಚ್ಚಿಕೊಳ್ಳುತ್ತದೆ, ನೀರು ಹೊರಗೆ ಹೋಗುವ ಪೈಪು ತಳದಿಂದ ಆರು ಸೆಂ.ಮೀ. ಮೇಲಿದೆ. ನಡುವಿನ 90 ಸೆಂ.ಮೀ. ಮಾತ್ರ ನಮ್ಮದು, ಅಂದರೆ 855 ಲೀಟರ್. ಸಂಪಿನಲ್ಲಿ ಇನ್ನು 2,400 ಸಿಗಬೇಕು.

ಡಿಸೆಂಬರ್‌ನಲ್ಲಿ ಮೇಸ್ತ್ರಿ ಬಂದು ಅಂಗಳದಲ್ಲಿ ಹಗ್ಗ ಹಿಡಿದರು. "ಏಳಡಿ, ಆರಡಿ, ಐದಡಿ ಆಳ. ಆರು ಸಾವಿರ ಲೀಟರ್ ಹಿಡಿಯುತ್ತದೆ ಸರ್." ಲೆಕ್ಕ ತಪ್ಪಿಲ್ಲ. 210 ಘನ ಅಡಿ, ಘನ ಅಡಿಗೆ 28.3 ಲೀಟರ್, ಹತ್ತಿರ ಹತ್ತಿರ ಆರು ಸಾವಿರವೇ. ಆದರೆ ಅದು ತೋಡುವ ಗುಂಡಿಯ ಲೆಕ್ಕ. "ಗೋಡೆ ಎಷ್ಟು ದಪ್ಪ?" ಅಂತ ಕೇಳಿದೆ. ಆರಿಂಚು. ಎರಡೂ ಕಡೆ ಹೋದರೆ ಒಳಗೆ ಉಳಿಯುವುದು ಆರಡಿ, ಐದಡಿ. ಆಳದ ಅರವತ್ತು ಇಂಚಿನಲ್ಲಿ ತಳದ ಕಾಂಕ್ರೀಟಿಗೆ ಐದು, ಮೇಲಿನ ಸ್ಲ್ಯಾಬಿಗೆ ಐದು. ಉಳಿದದ್ದು ಐವತ್ತು. ಫ್ಲೋಟ್ ವಾಲ್ವ್ ಸ್ಲ್ಯಾಬಿಗಿಂತ ಆರು ಇಂಚು ಕೆಳಗೇ ನೀರು ನಿಲ್ಲಿಸುತ್ತದೆ. ಪಂಪು ನೀರೆಳೆಯುವ ಪೈಪಿನ ತುದಿಯ ಫುಟ್ ವಾಲ್ವ್ ತಳದ ಕೆಸರು ಎಳೆಯದ ಹಾಗೆ ನಾಲ್ಕು ಇಂಚು ಮೇಲೆ ಕೂರಬೇಕು. ಪಂಪಿಗೆ ಸಿಗುವ ನೀರಿನ ಆಳ ನಲವತ್ತು ಇಂಚು. ಇಂಚಿಗೆ 70.8 ಲೀಟರಿನಂತೆ 2,830.

ಮೇಸ್ತ್ರಿ ನನ್ನ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದರು. "ಹಾಗಾದ್ರೆ ದೊಡ್ಡದು ಮಾಡುವನಾ?" ಬೇಡ ಅಂದೆ. ನನಗೆ ಬೇಕಾದದ್ದು 2,400, ಸಿಗುವುದು 2,830. ಅದೇ ಗುಂಡಿ ಸಾಕು.

ಪಕ್ಕದ ಮನೆಯವರಿಗೆ ಇದು ಜಿಪುಣತನ ಅನ್ನಿಸಿತು. ಹತ್ತು ಸಾವಿರ ಬೇಡ ಅನ್ನಲು ನನಗೆ ಇನ್ನೊಂದು ಕಾರಣ ಇತ್ತು. ಮೇ ತಿಂಗಳಲ್ಲಿ ಸರದಿಯ ದಿನ ನಲ್ಲಿಯ ಕೆಳಗೆ 20 ಲೀಟರಿನ ಬಕೆಟ್ ಇಟ್ಟು ಗಡಿಯಾರ ನೋಡಿದ್ದೆ. ಐದು ಗಂಟೆಗೆ ಬಕೆಟ್ ಒಂದು ನಿಮಿಷ ನಲವತ್ತು ಸೆಕೆಂಡಿಗೆ ತುಂಬಿತು, ಗಂಟೆಗೆ 720 ಲೀಟರ್. ಎಲ್ಲರ ಮನೆಯ ನಲ್ಲಿಯೂ ತೆರೆದುಕೊಂಡ ಹಾಗೆ ಒತ್ತಡ ಇಳಿಯುತ್ತದೆ, ನಾವು ಏರಿನ ಮೇಲೆ ಬೇರೆ. ಎಂಟು ಗಂಟೆಗೆ ಅದೇ ಬಕೆಟಿಗೆ ನಾಲ್ಕು ನಿಮಿಷ. ಗಂಟೆಗಂಟೆಯ ಲೆಕ್ಕ ಕೂಡಿಸಿದರೆ ಒಂದು ಸರದಿಗೆ ಬರುವುದು 2,100 ಲೀಟರ್, ಅಷ್ಟೇ. ಬರುವುದೇ ಅಷ್ಟಾದರೆ ಹತ್ತು ಸಾವಿರದ ಸಂಪು ಬೇಸಗೆಯಲ್ಲಿ ತುಂಬುವುದು ಯಾವಾಗ?

ಈ ಸಂಖ್ಯೆ ಇನ್ನೊಂದು ವಿಷಯವನ್ನೂ ಹೇಳುತ್ತದೆ. ನಾವು ಐವರೇ ಇದ್ದರೆ ಮೂರು ದಿನಕ್ಕೆ 1,860 ಖರ್ಚು, 2,100 ಬರುತ್ತದೆ, ತೊಂದರೆ ಇಲ್ಲ. ಒಂಬತ್ತು ಜನ ಇದ್ದರೆ ತಲೆಗೆ 90ರಲ್ಲೂ ಖರ್ಚು 2,430. ಪ್ರತಿ ಸರದಿಗೆ 330 ಲೀಟರ್ ಕೊರತೆ. ತಂಗಿ ಬರುವ ದಿನ ಎಲ್ಲ ತುಂಬಿದ್ದರೂ ಸಂಪು ಸ್ವಲ್ಪ ಸ್ವಲ್ಪ ಇಳಿಯುತ್ತಾ ಹೋಗುತ್ತದೆ. ಒಂದು ಸರದಿ ಪೂರ್ತಿ ತಪ್ಪಿದರಂತೂ ಆರು ದಿನ ತಳ್ಳಬೇಕು, ಅಷ್ಟು ನೀರು ಈ ಸಂಪಿನಲ್ಲಿ ಇಲ್ಲ. ಅಂಥ ದಿನಕ್ಕೆ ಬಾವಿಯ ತಳದ ನೀರೇ ಗತಿ ಅಂತ ಇಟ್ಟುಕೊಂಡೆ.

ಕಟ್ಟಿಸುವಾಗ ಕಕ್ಕಸಿನ ಪಿಟ್‌ನಿಂದ ದೂರದ ಮೂಲೆ ಹಿಡಿದೆ, ಓವರ್‌ಫ್ಲೋ ಪೈಪಿನ ಬಾಯಿಗೆ ಸೊಳ್ಳೆ ಹೋಗದ ಹಾಗೆ ಬಲೆ ಕಟ್ಟಿದೆ. ತೊಳೆಯುವುದನ್ನು ಜನವರಿಗೆ ಇಟ್ಟುಕೊಂಡಿದ್ದೇನೆ. ಜುಲೈಯಲ್ಲಿ ನಮ್ಮಲ್ಲಿ ನೆಲದೊಳಗಿನ ನೀರು ಮೇಲೆ ಬಂದಿರುತ್ತದೆ. ಆಗ ಖಾಲಿ ಮಾಡಿದರೆ ಹೊರಗಿನ ನೀರು ತಳವನ್ನೂ ಗೋಡೆಯನ್ನೂ ಒತ್ತುತ್ತದೆ, ಬಿರುಕು ಬಿಟ್ಟರೆ ಆ ನೀರೇ ಒಳಗೆ ಇಳಿಯುತ್ತದೆ.

ಆಮೇಲಿನ ಒಂದು ಬೇಸಗೆಯಲ್ಲಿ ಮತ್ತೆ ಮೂರು ದಿನದ ಸರದಿ ಬಂತು, ತಂಗಿಯ ಸಂಸಾರವೂ ಬಂತು. ಲೆಕ್ಕದ ಪ್ರಕಾರ ನಾಲ್ಕನೇ ಸರದಿಯ ಬೆಳಗ್ಗೆ 265 ಲೀಟರ್ ಉಳಿದಿರಬೇಕು. ಐದು ಗಂಟೆಗೆ ಬ್ಯಾಟರಿ ಹಿಡಿದು ಕೋಲು ಇಳಿಸಿದೆ. ಮೇಲಿನ ಟ್ಯಾಂಕ್ ಖಾಲಿ, ಸಂಪಿನಲ್ಲಿ ಫುಟ್ ವಾಲ್ವ್‌ಗಿಂತ ಮೂರು ಇಂಚು ಮೇಲೆ ನೀರು. ಐದನೆಯದಕ್ಕೆ ಕಾಯುವ ಧೈರ್ಯ ಬರಲಿಲ್ಲ. 330 ಲೀಟರ್ ಅಂದರೆ ದಿನಕ್ಕೆ 110. ಅಂದಿನಿಂದ ಬಟ್ಟೆ ಬಾವಿಕಟ್ಟೆಗೆ ಹೋಯಿತು, ದಿನಕ್ಕೆ ಆರು ಬಕೆಟ್ ಸೇದುವ ಕೆಲಸ ಭಾವನಿಗೆ ಬಂತು. ಮುಂಬೈಯಲ್ಲಿ ಜಿಮ್ಮಿಗೆ ದುಡ್ಡು ಕೊಡ್ತಿದ್ದೆ ಅಂತ ಅವರೇ ಹೇಳಿಕೊಂಡರು.