ಸ್ಪ್ರಿಟ್ಜ್ ಮಾಡುವಾಗ ಅಳತೆಗಿಂತ ಮೊದಲು ಬಾಟಲಿ ನೋಡಿ

ಊಟಕ್ಕೆ ಮೊದಲು ಹಗುರವಾಗಿ ಒಂದು ಗ್ಲಾಸ್ ಕುಡಿಯುವವರಿಗೆ ವೆನಿಸ್ ಕಡೆಯ ಸ್ಪ್ರಿಟ್ಜ್ ತುಂಬಾ ಚೆನ್ನ. ಸೂತ್ರ 3-2-1. ಅಂದರೆ ಪ್ರೊಸೆಕೊ ಎಂಬ ಇಟಲಿಯ ಗುಳ್ಳೆ ವೈನ್ 90 ಮಿ.ಲೀ., 60 ಮಿ.ಲೀ. ಕಹಿ ಲಿಕ್ಯೂರ್, 30 ಮಿ.ಲೀ. ಸೋಡಾ.

ಆದರೆ ಈ ಸೂತ್ರ ಹೊಂದುವುದು ಅಪೆರಾಲ್‌ಗೆ. 1919ರಲ್ಲಿ ಪಡುವಾದಲ್ಲಿ ಬಂದ ಈ ಲಿಕ್ಯೂರ್‌ನಲ್ಲಿ ಆಲ್ಕೋಹಾಲ್ ಶೇ. 11 ಮಾತ್ರ, ಹೆಚ್ಚುಕಮ್ಮಿ ಪ್ರೊಸೆಕೊದಷ್ಟೇ. ಹಾಗಾಗಿ ಗ್ಲಾಸಿನಲ್ಲಿ ಒಟ್ಟು ಶೇ. 9ರ ಆಸುಪಾಸು ನಿಲ್ಲುತ್ತದೆ. ಅದೇ ಅಳತೆಗೆ ಕಂಪಾರಿ ಎಂಬ ಇನ್ನೊಂದು ಕಹಿ ಲಿಕ್ಯೂರ್ ಸುರಿದರೆ ಶೇ. 14ರ ಹತ್ತಿರ ಹೋಗುತ್ತದೆ, ಕಹಿಯೂ ಜಾಸ್ತಿ. ಆಗ ಅದು ಹಗುರ ಅಲ್ಲವೇ ಅಲ್ಲ. ಕಂಪಾರಿ ಆದರೆ ನಾನು 30 ಮಿ.ಲೀ.ಗೆ ಇಳಿಸಿ ಸೋಡಾವನ್ನು 60 ಮಾಡುತ್ತೇನೆ.

ಸುರಿಯುವ ಕ್ರಮವೂ ಮುಖ್ಯ. ದೊಡ್ಡ ವೈನ್ ಗ್ಲಾಸಿನ ತುಂಬಾ ಐಸ್, ಮೊದಲು ಪ್ರೊಸೆಕೊ, ಆಮೇಲೆ ಅಪೆರಾಲ್. ಸಕ್ಕರೆ ಇರುವ ಲಿಕ್ಯೂರ್ ಭಾರ. ಅದು ಕೆಳಗೆ ಇಳಿಯುತ್ತಾ ತಾನೇ ಬೆರೆಯುತ್ತದೆ. ಕೊನೆಗೆ ಸೋಡಾ. ತಳದಲ್ಲಿ ದಟ್ಟ ಕಿತ್ತಳೆ ಬಣ್ಣ ಉಳಿದಿದ್ದರೆ ಚಮಚದಿಂದ ಒಮ್ಮೆ ಮೇಲೆತ್ತಿ. ಗರಗರ ತಿರುಗಿಸಿದರೆ ಗುಳ್ಳೆ ಹೋಗುತ್ತದೆ.

ಐಸ್ ಕಮ್ಮಿ ಹಾಕಬೇಡಿ. ಎರಡೇ ತುಂಡು ಹಾಕಿದರೆ ಬೇಗ ಕರಗಿ ಸಪ್ಪೆಯಾಗುತ್ತದೆ. ಪ್ರೊಸೆಕೊ, ಸೋಡಾ ಎರಡೂ ಫ್ರಿಜ್‌ನಿಂದ ಆಗಷ್ಟೇ ತೆಗೆದಿರಲಿ. ಪ್ರೊಸೆಕೊ ಕೊಳ್ಳುವಾಗ ಲೇಬಲ್ ಮೇಲೆ 'ಬ್ರೂಟ್', ಅಂದರೆ ಸಿಹಿ ಕಮ್ಮಿ, ಅಂತ ಇರುವುದನ್ನೇ ಆರಿಸಿ, ಯಾಕೆಂದರೆ ಅಪೆರಾಲ್‌ನಲ್ಲೇ ಸಾಕಷ್ಟು ಸಿಹಿ ಇದೆ. ಮೇಲೆ ಒಂದು ಕಿತ್ತಳೆ ಹೋಳು. ಉಪ್ಪುನೀರಿನ ಹಸಿರು ಆಲಿವ್ ಸಿಕ್ಕರೆ, ವೆನಿಸ್‌ನವರ ಹಾಗೆ ಅದನ್ನೂ ಹಾಕಿ.