ಹನ್ನೊಂದು ಹೊಲ, ಒಂದು ಗೆರೆ: ತೊಗರಿ ಲೆಕ್ಕದಲ್ಲಿ ನಾನು ಮೋಸ ಹೋದದ್ದು

ಚಿತ್ತಾಪುರ ತಾಲ್ಲೂಕಿನ ಹಳ್ಳಿಗಳಲ್ಲಿ ತೊಗರಿ ಬೆಳೆಯುವ ರೈತರ ಜೊತೆ ಓಡಾಡುವುದು ನನ್ನ ಕೆಲಸ. ಡಿಸೆಂಬರ್ ಬಂತೆಂದರೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: 'ಈ ಸಲ ಎಕರೆಗೆ ಎಷ್ಟು ಬರ್ತದ್ರೀ?' ರಾಶಿಗೆ ಮುಂಚೆಯೇ ಇದಕ್ಕೆ ಉತ್ತರ ಹೇಳಲು ಆಗುತ್ತದಾ ಅಂತ ನೋಡೋಣ ಎಂದು ಒಂದು ವರ್ಷ ಹನ್ನೊಂದು ಹೊಲ ಹಿಡಿದೆ. ಪ್ರತಿ ಹೊಲದಲ್ಲಿ ಹತ್ತು ಗಿಡ ಆರಿಸಿ ಕಾಯಿ ಎಣಿಸಿದೆ. ಗಿಡಕ್ಕೆ ಸರಾಸರಿ ಎಷ್ಟು ಕಾಯಿ ಅಂತ ಬರೆದುಕೊಂಡೆ. ಜನವರಿಯಲ್ಲಿ ರಾಶಿ ಆದ ಮೇಲೆ ಎಕರೆಗೆ ಎಷ್ಟು ಕ್ವಿಂಟಲ್ ಬಂತು ಅಂತ ಫೋನ್ ಮಾಡಿ ಕೇಳಿದೆ.

ನಂತರ ಚುಕ್ಕಿ ಚಿತ್ರ ಮಾಡಿದೆ. ಸ್ಕ್ಯಾಟರ್ ಪ್ಲಾಟ್ ಅಂತಾರಲ್ಲ, ಅದೇ. ಅಡ್ಡಕ್ಕೆ ಕಾಯಿ, ಉದ್ದಕ್ಕೆ ಇಳುವರಿ, ಒಂದು ಹೊಲಕ್ಕೆ ಒಂದು ಚುಕ್ಕಿ. ಅದರ ಮೇಲೆ ಕಂಪ್ಯೂಟರಿನಿಂದ ಒಂದು ನೇರ ಗೆರೆ ಹಾಕಿಸಿದೆ. ಸಹಸಂಬಂಧದ ಅಂಕಿ, ಅಂದರೆ r, 0.71 ಬಂತು. ಚುಕ್ಕಿಗಳು ಗೆರೆಯ ಮೇಲೇ ಕೂತರೆ ಈ ಅಂಕಿ 1 ಆಗುತ್ತದೆ. ಇಳಿಯುವ ಗೆರೆಯಾದರೆ -1. ನೇರ ಗೆರೆಯಂಥ ಸಂಬಂಧವೇ ಇಲ್ಲದಿದ್ದರೆ 0 ಹತ್ತಿರ ಇರುತ್ತದೆ. 0.71 ಕೆಟ್ಟದ್ದಲ್ಲ ಅನ್ನಿಸಿತು.

ಆದರೆ ಚಿತ್ರದಲ್ಲಿ ಒಂದು ಚುಕ್ಕಿ ಗೆರೆಗಿಂತ ತುಂಬಾ ಮೇಲೆ ನಿಂತಿತ್ತು. ಗಿಡಕ್ಕೆ 154 ಕಾಯಿ, ಇಳುವರಿ 9 ಕ್ವಿಂಟಲ್. ಅಷ್ಟು ಕಾಯಿಗೆ ಗೆರೆ ಹೇಳುತ್ತಿದ್ದದ್ದು ಸುಮಾರು 5.3 ಕ್ವಿಂಟಲ್. ಈ 3.7ರ ಅಂತರವನ್ನು ರೆಸಿಡ್ಯುಯಲ್ ಅಂತಾರೆ. ನಿಜವಾಗಿ ಬಂದದ್ದರಲ್ಲಿ ಗೆರೆ ಹೇಳಿದ್ದನ್ನು ಕಳೆದರೆ ಉಳಿಯುವುದು ಅದು. ಉಳಿದ ಯಾವ ಹೊಲದ ಉಳಿಕೆಯೂ ಇದರ ಅರ್ಧದಷ್ಟು ಕೂಡ ಇರಲಿಲ್ಲ. ಇಂಥ ಚುಕ್ಕಿಗೆ ಔಟ್‌ಲೈಯರ್ ಅಂತ ಹೆಸರು.

ಚುಕ್ಕಿಯನ್ನು ಅಳಿಸುವ ಮೊದಲು ಆ ರೈತರಿಗೆ ಮತ್ತೆ ಫೋನ್ ಮಾಡಿದೆ. 'ಒಂಬತ್ತು ಚೀಲ ಅಂದೀನ್ರೀ ಸರ್, ಕ್ವಿಂಟಲ್ ಅಂತ ಯಾರಂದ್ರು? ನಮ್ಮ ಚೀಲ ಐವತ್ತು ಕೇಜಿದು' ಅಂದರು. ತಪ್ಪು ನನ್ನ ಕಿವಿಯದು. 4.5 ಕ್ವಿಂಟಲ್ ಅಂತ ತಿದ್ದಿದೆ. ಕಾರಣ ಸಿಕ್ಕಿದ್ದರಿಂದ ತಿದ್ದಿದೆ. ಕಾರಣ ಸಿಗದಿದ್ದರೆ ಆ ಚುಕ್ಕಿ ಹಾಗೇ ಇರಬೇಕಿತ್ತು, ದೂರ ನಿಂತಿದೆ ಅನ್ನುವುದೊಂದೇ ಅಳಿಸಲು ಕಾರಣವಾಗುವುದಿಲ್ಲ.

ತಿದ್ದಿದ ಕೂಡಲೇ r 0.71ರಿಂದ 0.94ಕ್ಕೆ ಏರಿತು. ನನಗೆ ಎಷ್ಟು ಖುಷಿಯಾಯಿತು ಅಂದರೆ, ಗೆರೆಯ ಇಳಿಜಾರು ಎಷ್ಟು ಬದಲಾಗಿದೆ ಅಂತ ನೋಡಲೇ ಇಲ್ಲ. ನೋಡಿದ್ದರೆ ಅಲ್ಲೇ ಒಂದು ವಿಷಯ ಹೊಳೆಯುತ್ತಿತ್ತು. ಮೊದಲಿನ ಗೆರೆ ಗಿಡಕ್ಕೆ 100 ಕಾಯಿ ಜಾಸ್ತಿಯಾದರೆ ಎಕರೆಗೆ 1.17 ಕ್ವಿಂಟಲ್ ಜಾಸ್ತಿ ಅನ್ನುತ್ತಿತ್ತು. ತಿದ್ದಿದ ಮೇಲೆ 1.27. ಅಷ್ಟು ದೊಡ್ಡ ತಪ್ಪಿದ್ದರೂ ಗೆರೆ ಹೆಚ್ಚು ಕಡಿಮೆ ಅದೇ ಓರೆಯಲ್ಲಿ ಇತ್ತು. ಯಾಕೆಂದರೆ ಆ ಚುಕ್ಕಿ ಅಡ್ಡಗೆರೆಯಲ್ಲಿ ನಡುವಿನ ಹತ್ತಿರ ಕೂತಿತ್ತು. ಎಲ್ಲ ಹೊಲಗಳ ಕಾಯಿಯ ಸರಾಸರಿ 184, ಇದರದ್ದು 154. ನಡುವೆ ಇರುವ ಚುಕ್ಕಿ ಗೆರೆಯನ್ನು ಸ್ವಲ್ಪ ಮೇಲಕ್ಕೆ ಎತ್ತುತ್ತದೆ, r ಕೂಡ ಕೆಡಿಸುತ್ತದೆ. ಗೆರೆಯನ್ನು ತಿರುಗಿಸುವ ಶಕ್ತಿ ಅದಕ್ಕಿಲ್ಲ.

ಆ ಶಕ್ತಿ ಇದ್ದದ್ದು ಬೇರೆ ಚುಕ್ಕಿಗೆ. ಅದು ಗೆರೆಯ ಮೇಲೆ ಸುಮ್ನೆ ಕೂತಿತ್ತು, ಅದಕ್ಕೇ ನನ್ನ ಕಣ್ಣು ಅದರ ಮೇಲೆ ಬೀಳಲಿಲ್ಲ.

ಹನ್ನೊಂದನೆಯ ಹೊಲ ನಾಟಿ ತೊಗರಿಯದು. ಪಾಲಿಥಿನ್ ಚೀಲದಲ್ಲಿ ಸಸಿ ಬೆಳೆಸಿ, ಮಳೆ ಹಿಡಿದ ಮೇಲೆ ಹೊಲಕ್ಕೆ ನೆಟ್ಟು, ಡ್ರಿಪ್ ಹಾಕಿ, ಕುಡಿ ಚಿವುಟಿ ಬೆಳೆಸಿದ್ದು. ಗಿಡ ಪೊದೆಯ ಹಾಗೆ ಹರಡಿತ್ತು. ಗಿಡಕ್ಕೆ 520 ಕಾಯಿ, ಎಕರೆಗೆ 9.6 ಕ್ವಿಂಟಲ್. ಉಳಿದ ಹತ್ತೂ ಮಳೆಯಾಶ್ರಿತ, ಕೂರಿಗೆ ಬಿತ್ತನೆಯವು. ಅವುಗಳಲ್ಲಿ ಕಾಯಿ 108ರಿಂದ 200ರ ಒಳಗೆ. 200ರಿಂದ 520ರ ತನಕ ಒಂದೂ ಚುಕ್ಕಿ ಇಲ್ಲ.

ಇದು ಕಂಡದ್ದು ನಮ್ಮ ಜೊತೆಗಿನ ಹಿರಿಯರೊಬ್ಬರಿಗೆ. ಚಿತ್ರದ ಬಲತುದಿಯ ಚುಕ್ಕಿಯನ್ನು ಹೆಬ್ಬೆರಳಿನಿಂದ ಮುಚ್ಚಿ, 'ಈಗ ಹೇಳು, ಗೆರೆ ಎಲ್ಲಿ ಹೋಗ್ತದ?' ಅಂದರು. ಮುಚ್ಚಿದ ಮೇಲೆ ಉಳಿದದ್ದು ಎಡಮೂಲೆಯಲ್ಲಿ ಹತ್ತು ಚುಕ್ಕಿಗಳ ಒಂದು ಮುದ್ದೆ. ಆ ದೊಡ್ಡ ಅಳತೆಯಲ್ಲಿ ಅವು ಒತ್ತೊತ್ತಾಗಿ, ಶಿಸ್ತಾಗಿ ಇದ್ದಂತೆ ಕಾಣುತ್ತಿದ್ದವು. ಅಡ್ಡಗೆರೆಯನ್ನು 100ರಿಂದ 210ರ ತನಕ ಮಾತ್ರ ಇಟ್ಟು ಮತ್ತೆ ಚಿತ್ರ ತೆಗೆದೆ. ಚುಕ್ಕಿಗಳು ಎಲ್ಲೆಂದರಲ್ಲಿ ಚೆಲ್ಲಿದ್ದವು. 119 ಕಾಯಿಯ ಹೊಲಕ್ಕೆ 5.1 ಕ್ವಿಂಟಲ್, 169 ಕಾಯಿಯ ಹೊಲಕ್ಕೆ 4.3.

ಹತ್ತೇ ಹೊಲಗಳಿಗೆ r ತೆಗೆದರೆ 0.38. ಹತ್ತು ಚುಕ್ಕಿ ಇದ್ದಾಗ r 0.63 ದಾಟದಿದ್ದರೆ, ಸುಮ್ನೆ ಅದೃಷ್ಟದಿಂದ ಬಂದಿರಬಹುದು ಎಂಬ ಅನುಮಾನವನ್ನು ಶೇ. 5ರ ಮಟ್ಟದಲ್ಲಿ ತಳ್ಳಿಹಾಕಲು ಬರುವುದಿಲ್ಲ. ಇಳಿಜಾರು 100 ಕಾಯಿಗೆ 1.27ರಿಂದ 0.72 ಕ್ವಿಂಟಲ್‌ಗೆ ಬಿತ್ತು. ಹೊಲಗಳಲ್ಲಿ ಏನೂ ಬದಲಾಗಿರಲಿಲ್ಲ, ನಾನು ಒಂದು ಚುಕ್ಕಿ ಮುಚ್ಚಿದ್ದೆ ಅಷ್ಟೆ.

ನೀವೇ ಹಾಕಿ ನೋಡಬೇಕೆಂದರೆ ತಿದ್ದಿದ ಅಂಕಿಗಳು ಇಲ್ಲಿವೆ. ನಾನು ಬಳಸುವುದು ಆರ್ ಎಂಬ ಲೆಕ್ಕದ ಸಾಫ್ಟ್‌ವೇರ್.

```r
kayi    <- c(108,119,126,138,147,154,158,169,185,200,520)
iluvari <- c(4.2,5.1,4.0,5.3,4.4,4.5,5.6,4.3,5.2,5.1,9.6)
m <- lm(iluvari ~ kayi)
plot(kayi, iluvari); abline(m)
cor(kayi, iluvari)             # 0.94
cor(kayi[-11], iluvari[-11])   # 0.38
residuals(m)[11]               # 0.11
hatvalues(m)[11]               # 0.95
cooks.distance(m)[11]          # 7.7
```

ಕೊನೆಯ ಮೂರು ಸಾಲು ನಿಧಾನವಾಗಿ ನೋಡಿ. ನಾಟಿ ಹೊಲದ ಉಳಿಕೆ ಬರೀ 0.11 ಕ್ವಿಂಟಲ್, ಅಂದರೆ 11 ಕೆಜಿ. ಉಳಿಕೆ ದೊಡ್ಡದಿದ್ದರೆ ಮಾತ್ರ ಅನುಮಾನ ಪಡುವವರಿಗೆ ಈ ಚುಕ್ಕಿ ತುಂಬಾ ಒಳ್ಳೆಯದಾಗಿ ಕಾಣುತ್ತದೆ. ಆದರೆ ಅದು ಗೆರೆಗೆ ಹತ್ತಿರ ಇಲ್ಲ, ಗೆರೆಯೇ ಅದರ ಹತ್ತಿರ ಹೋಗಿದೆ. ಆ ಚುಕ್ಕಿಯನ್ನು ಬಿಟ್ಟು ಹತ್ತರಿಂದ ಎಳೆದ ಗೆರೆಯನ್ನು 520ರ ತನಕ ಚಾಚಿದರೆ ಸಿಗುವುದು 7.4 ಕ್ವಿಂಟಲ್. ನಿಜವಾದದ್ದು 9.6. ಅಂದರೆ ಅಂತರ ಎರಡು ಕ್ವಿಂಟಲ್‌ಗಿಂತ ಜಾಸ್ತಿ.

`hatvalues` ಕೊಡುವುದು ಲೆವರೇಜ್. ಬಂಡೆ ಎಬ್ಬಿಸುವಾಗ ಹಾರೆಯನ್ನು ತುದಿಯಲ್ಲಿ ಹಿಡಿದರೆ ಕಡಿಮೆ ಬಲ ಸಾಕು, ಅಲ್ವಾ? ಹಾಗೇ ಸರಾಸರಿ ಕಾಯಿಯಿಂದ ಎಷ್ಟು ದೂರ ಇದ್ದರೆ ಗೆರೆಯ ಮೇಲೆ ಅಷ್ಟು ಹಿಡಿತ. ಇದರಲ್ಲಿ ಇಳುವರಿಯ ಲೆಕ್ಕವೇ ಬರುವುದಿಲ್ಲ, ಕಾಯಿಯದು ಮಾತ್ರ. ಹನ್ನೊಂದು ಚುಕ್ಕಿಗಳ ಲೆವರೇಜ್ ಕೂಡಿದರೆ 2 ಆಗುತ್ತದೆ, ಸರಾಸರಿ ಒಂದಕ್ಕೆ 0.18. ನಾಟಿ ಹೊಲದ್ದು 0.95. ಗರಿಷ್ಠವೇ 1. ಆ ಜಾಗದಲ್ಲಿ ಗೆರೆ ಎಲ್ಲಿ ಹಾಯಬೇಕೆಂದು ಬಹುತೇಕ ಆ ಒಂದು ಹೊಲವೇ ತೀರ್ಮಾನ ಮಾಡಿದೆ.

ಲೆವರೇಜ್ ಜಾಸ್ತಿ ಇದ್ದ ಮಾತ್ರಕ್ಕೆ ಗೆರೆ ಕೆಟ್ಟಿದೆ ಅಂತಲೂ ಅಲ್ಲ. ಹತ್ತು ಚುಕ್ಕಿಗಳ ದಾರಿಯಲ್ಲೇ ಅದು ಇದ್ದಿದ್ದರೆ ತೆಗೆದರೂ ಇಟ್ಟರೂ ಗೆರೆ ಅಲ್ಲೇ ಇರುತ್ತಿತ್ತು. ತೆಗೆದರೆ ಗೆರೆ ಎಷ್ಟು ಸರಿಯುತ್ತದೆ ಅನ್ನುವುದನ್ನು ಹೇಳುವುದು ಕುಕ್ಸ್ ಡಿಸ್ಟೆನ್ಸ್. ಡೆನಿಸ್ ಕುಕ್ ಎಂಬ ಅಮೆರಿಕದ ಸಂಖ್ಯಾಶಾಸ್ತ್ರಜ್ಞ 1977ರಲ್ಲಿ ಕೊಟ್ಟ ಅಳತೆ ಅದು. 1 ದಾಟಿದರೆ ಎಚ್ಚರ ಅನ್ನುವುದು ಒಂದು ರೂಢಿ. ಚೀಲದ ತಪ್ಪಿದ್ದ ಆ ಚುಕ್ಕಿಗೆ, ತಿದ್ದುವ ಮೊದಲು, ಇದು 0.42 ಇತ್ತು. ನಾಟಿ ಹೊಲಕ್ಕೆ 7.7. ಕಣ್ಣಿಗೆ ಚುಚ್ಚಿದ ಚುಕ್ಕಿಗಿಂತ ಕಣ್ಣಿಗೆ ಬೀಳದ ಚುಕ್ಕಿ ಗೆರೆಯನ್ನು ಎಷ್ಟೋ ಪಟ್ಟು ಜಾಸ್ತಿ ಎಳೆದಿತ್ತು.

ಹಾಗಾದರೆ ನಾಟಿ ಹೊಲವನ್ನು ಎತ್ತಿ ಹಾಕಬೇಕಾ? ಎರಡು ದಿನ ಇದೇ ತಲೆಯಲ್ಲಿತ್ತು. ಅಲ್ಲಿ ತಪ್ಪು ಅಂಕಿ ಇಲ್ಲ. ನಾನೇ ಕಾಯಿ ಎಣಿಸಿದ್ದೆ, ತೂಕದ ಚೀಟಿಯೂ ನೋಡಿದ್ದೆ. ಯೋಚಿಸುತ್ತಾ ಹೋದಂತೆ ಕಂಡದ್ದು, ತೊಂದರೆ ಆ ಚುಕ್ಕಿಯಲ್ಲಿ ಇಲ್ಲ, ನಾನು ಅಡ್ಡಗೆರೆಗೆ ಹಾಕಿದ ಅಳತೆಯಲ್ಲಿದೆ. ನಾನು ಎಣಿಸಿದ್ದು ಗಿಡಕ್ಕೆ ಎಷ್ಟು ಕಾಯಿ ಅಂತ. ಇಳುವರಿ ಬರುವುದು ಎಕರೆಯ ಲೆಕ್ಕದಲ್ಲಿ. ನಡುವೆ ಎಕರೆಗೆ ಎಷ್ಟು ಗಿಡ ಅನ್ನುವುದು ಬಿಟ್ಟೇ ಹೋಗಿತ್ತು.

ಎಕರೆ ಅಂದರೆ 43,560 ಚದರ ಅಡಿ. ಬಿತ್ತಿದ ಹೊಲಗಳಲ್ಲಿ ಸಾಲು 3 ಅಡಿ, ಗಿಡ ಒಂದೂವರೆ ಅಡಿ. ಎಲ್ಲವೂ ಹುಟ್ಟಿ ಉಳಿದರೆ 9,680 ಗಿಡ. ಗಿಡಕ್ಕೆ 150 ಕಾಯಿ ಹಿಡಿದರೆ ಎಕರೆಗೆ 14.5 ಲಕ್ಷ ಕಾಯಿ, ಇಳುವರಿ ಸುಮಾರು 4.8 ಕ್ವಿಂಟಲ್. ನಾಟಿ ಹೊಲದಲ್ಲಿ ಸಾಲು 4 ಅಡಿ, ಗಿಡ 2 ಅಡಿ, ಅಂದರೆ 5,445 ಗಿಡ. 520ರಿಂದ ಗುಣಿಸಿದರೆ 28.3 ಲಕ್ಷ ಕಾಯಿ, ಇಳುವರಿ 9.6. ಎರಡೂ ಕಡೆ ಒಂದು ಲಕ್ಷ ಕಾಯಿಗೆ 33–34 ಕೆಜಿ! ಕಾಯಿ ಮೂರೂವರೆ ಪಟ್ಟು ಇದ್ದರೂ ಇಳುವರಿ ಎರಡೇ ಪಟ್ಟು ಯಾಕೆ ಅಂತ ಆಗ ತಿಳಿಯಿತು.

ಹತ್ತು ಹೊಲಗಳ ಚೆಲ್ಲಾಪಿಲ್ಲಿಗೂ ಇದೇ ಒಂದು ಕಾರಣ ಇರಬೇಕು ಅನ್ನುವುದು ನನ್ನ ಊಹೆ. ನೆಟೆ ರೋಗ ಬಂದು ಗಿಡ ಒಣಗಿದ ಹೊಲದಲ್ಲಿ, ನೀರು ನಿಂತು ಸಸಿ ಹೋದ ಹೊಲದಲ್ಲಿ, ಉಳಿದ ಗಿಡಕ್ಕೆ ಜಾಗ ಸಿಗುತ್ತದೆ. ಅದು ಹರಡಿಕೊಂಡು ಜಾಸ್ತಿ ಕಾಯಿ ಹಿಡಿಯುತ್ತದೆ. ನಾನು ಎಣಿಸಲು ಆರಿಸುವುದು ನಿಂತ ಗಿಡವನ್ನೇ, ಖಾಲಿ ಜಾಗವನ್ನಲ್ಲ. ಹೀಗೆ ಗಿಡ ಕಡಿಮೆಯಾದ ಹೊಲ ನನ್ನ ಪಟ್ಟಿಯಲ್ಲಿ ಕಾಯಿ ಜಾಸ್ತಿ ಇರುವ ಒಳ್ಳೆಯ ಹೊಲವಾಗಿ ಸೇರಿಬಿಡುತ್ತದೆ.

ಮುಂದಿನ ಡಿಸೆಂಬರಿನಲ್ಲಿ ಒಬ್ಬ ರೈತರು ಕರೆದರು. ಅವರದು ಬಿತ್ತಿದ ಹೊಲವೇ, ಅದೇ 3 ಅಡಿ ಸಾಲು, ಆದರೆ ಗಿಡಕ್ಕೆ 260 ಕಾಯಿ. 'ಏಳು ಕ್ವಿಂಟಲ್ ಗ್ಯಾರಂಟಿ ಅಲ್ರೀ?' ಅಂತ ಕೇಳಿದರು. ಹಳೆಯ ಹನ್ನೊಂದು ಚುಕ್ಕಿಗಳ ಗೆರೆ 6.2 ಅನ್ನುತ್ತಿತ್ತು. ಹತ್ತು ಚುಕ್ಕಿಗಳ ಗೆರೆಯನ್ನು ಚಾಚಿದರೆ 5.6. ಎರಡೂ 260ರಲ್ಲಿ ಒಂದು ಹೊಲವನ್ನೂ ನೋಡದೆ ಹೇಳುತ್ತಿದ್ದ ಮಾತು. ಹಾಗಾಗಿ ಗೆರೆ ಬಿಟ್ಟು ಟೇಪ್ ಹಿಡಿದು ಇಬ್ಬರೂ ಸಾಲಿಗೆ ಇಳಿದೆವು. 30 ಅಡಿ ಸಾಲಿಗೆ 20 ಗಿಡ ಇರಬೇಕು. ಆರು ಕಡೆ ಎಣಿಸಿದೆವು, ಸರಾಸರಿ 12. ಎಕರೆಗೆ ಸುಮಾರು 5,800 ಗಿಡ, 15 ಲಕ್ಷ ಕಾಯಿ. 'ಐದರ ಆಸುಪಾಸು ಬರಬಹುದು, ಏಳು ಕಷ್ಟ' ಅಂದೆ. ಅವರಿಗೆ ಬೇಜಾರಾಯಿತು, ನನಗೂ.

ಸಂಕ್ರಾಂತಿ ಕಳೆದು ರಾಶಿ ಆಯಿತು. 5 ಕ್ವಿಂಟಲ್ 20 ಕೆಜಿ. ಒಂದು ಹೊಲ ಹೊಂದಿತು ಅಂತ ನನ್ನ ಲೆಕ್ಕ ಸರಿ ಅನ್ನಲು ಬರುವುದಿಲ್ಲ. ಕಾಯಿಕೊರಕದ ಹಾವಳಿ ಇದ್ದಿದ್ದರೆ ಕಾಯಿ ಅಷ್ಟೇ ಇದ್ದೂ ಕಾಳು ಕಡಿಮೆಯಾಗುತ್ತಿತ್ತು. ಹಳೆಯ ಚಿತ್ರ ತೆಗೆದು ಅವರ ಹೊಲವನ್ನೂ ಗುರುತು ಮಾಡಿದೆ. 200ರಿಂದ 520ರ ನಡುವಿನ ಖಾಲಿ ಜಾಗದಲ್ಲಿ ಅದೇ ಮೊದಲ ಚುಕ್ಕಿ. ಎರಡೂ ಗೆರೆಗಳ ಕೆಳಗೆ ಕೂತಿದೆ.