ರೀಫಿಲ್ ಮಾಡಿದ ಕಾರ್ಟ್ರಿಜನ್ನು ಪ್ರಿಂಟರ್ ಗುರುತಿಸದಿದ್ದಾಗ

ಕಪ್ಪು ಒಂದು, ಬಣ್ಣದ್ದು ಒಂದು ಎಂದು ಎರಡೇ ಕಾರ್ಟ್ರಿಜ್ ಇರುವ ಸಣ್ಣ ಇಂಕ್‌ಜೆಟ್‌ಗಳ ಮಾತಿದು. ಇವುಗಳಲ್ಲಿ ಪ್ರಿಂಟ್ ಹೆಡ್ ಸಾಮಾನ್ಯವಾಗಿ ಕಾರ್ಟ್ರಿಜ್‌ನಲ್ಲೇ ಇರುತ್ತದೆ.

ನಾನು ಮೊದಲು ನೋಡುವುದು ಪ್ರಿಂಟರ್ ಏನು ಹೇಳುತ್ತಿದೆ ಎಂಬುದನ್ನು. ‘ಇಂಕ್ ಮುಗಿದಿದೆ’ ಎಂದರೆ ಕಾರ್ಟ್ರಿಜ್ ಗುರುತಾಗಿದೆ ಎಂದೇ ಅರ್ಥ. ನಾವು ಇಂಕ್ ತುಂಬಿಸಿದ್ದು ಅದರ ಲೆಕ್ಕಕ್ಕೆ ಬಂದಿಲ್ಲ, ಅಷ್ಟೆ. ಕ್ಯಾನನ್‌ನ ಅನೇಕ ಮಾದರಿಗಳಲ್ಲಿ E13 ಅಥವಾ E16 ಬಂದಾಗ Stop ಬಟನ್ನನ್ನು ಐದು ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡಿದರೆ ಮತ್ತೆ ಪ್ರಿಂಟ್ ಆಗುತ್ತದೆ. ಇದಕ್ಕೆ ಏನನ್ನೂ ಒರೆಸಬೇಕಿಲ್ಲ.

ಗುರುತೇ ಸಿಗುತ್ತಿಲ್ಲ ಎಂದಾದರೆ, ತಾಮ್ರದ ಬಣ್ಣದ ಚುಕ್ಕೆಗಳಿರುವ ಕಾಂಟ್ಯಾಕ್ಟ್ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡುತ್ತೇನೆ. ರೀಫಿಲ್ ಆದ ಮೇಲೆ ಬರುವ ತೊಂದರೆಗೆ ಹೆಚ್ಚಾಗಿ ಕಾರಣ ಅಳತೆ ಮೀರಿ ತುಂಬಿದ ಇಂಕ್. ಒಳಗಿನ ಸ್ಪಂಜು ಹಿಡಿದಿಟ್ಟುಕೊಳ್ಳಲಾಗದ ಇಂಕ್ ನಾಜಲ್‌ನಿಂದ ಜಿನುಗಿ ಪಟ್ಟಿಯ ಮೇಲೆ ಹರಡುತ್ತದೆ, ಚುಕ್ಕೆಗಳ ನಡುವೆ ವಿದ್ಯುತ್ ಹರಿಯಲು ದಾರಿಯಾಗುತ್ತದೆ.

ಒರೆಸಲು ನೂಲು ಬಿಡದ ಬಟ್ಟೆ, ಡಿಸ್ಟಿಲ್ಡ್ ವಾಟರ್ ಸಾಕು. ಬಟ್ಟೆ ತೇವವಿರಬೇಕು, ನೀರು ಇಳಿಯಬಾರದು. ಮೊದಲು ಚುಕ್ಕೆಗಳನ್ನು ಒರೆಸಿ. ನಾಜಲ್ ಮುಟ್ಟಿದ ಬಟ್ಟೆಯನ್ನು ಮತ್ತೆ ಅಲ್ಲಿಗೆ ತರಬೇಡಿ. ಪೆನ್ಸಿಲ್ ರಬ್ಬರಿನಿಂದ ಉಜ್ಜುವವರಿದ್ದಾರೆ, ಅದು ನನಗೆ ಒಪ್ಪಿಗೆಯಿಲ್ಲ: ಲೇಪನ ಸವೆಯುತ್ತದೆ, ಪುಡಿ ನಾಜಲ್‌ಗೆ ಹೋಗುತ್ತದೆ. ಒರೆಸಿದ ಮೇಲೆ ಹತ್ತು ನಿಮಿಷ ಒಣಗಲಿ. ಪ್ರಿಂಟರಿನೊಳಗೆ ಕಾರ್ಟ್ರಿಜ್ ಕೂರುವ ಜಾಗದಲ್ಲೂ ಇದಕ್ಕೆ ತಾಗುವ ಸ್ಪ್ರಿಂಗ್ ಪಿನ್‌ಗಳಿವೆ. ಹಲವರು ಮರೆಯುವುದು ಇವನ್ನೇ. ಪ್ಲಗ್ ಕಿತ್ತ ಮೇಲೆ, ಪಿನ್ ಬಾಗದಂತೆ ಹಗುರವಾಗಿ ಒರೆಸಿ.

ಮತ್ತೆ ಹಾಕುವ ಮುನ್ನ ನಾಜಲ್ ಭಾಗವನ್ನು ಮಡಿಸಿದ ಟಿಶ್ಯೂ ಮೇಲೆ ಒಂದೆರಡು ಸೆಕೆಂಡ್ ಒತ್ತುತ್ತೇನೆ. ತೆಳ್ಳನೆಯ ಗೆರೆ ಮೂಡಿದರೆ ಸರಿ. ಕಲೆ ಹರಡುತ್ತಲೇ ಹೋದರೆ ಇಂಕ್ ಹೆಚ್ಚಾಗಿದೆ, ಹರಡುವುದು ನಿಲ್ಲುವವರೆಗೆ ಟಿಶ್ಯೂ ಬದಲಿಸುತ್ತಾ ಹೀರಿಸಬೇಕು. ಹಾಗೇ ಹಾಕಿದರೆ ಅದೇ ತೊಂದರೆ ಮತ್ತೆ ಬರುತ್ತದೆ.

ಇಷ್ಟಾದರೂ ಗುರುತು ಸಿಗದಿದ್ದರೆ, ಸರಿಯಿರುವ ಇನ್ನೊಂದು ಕಾರ್ಟ್ರಿಜ್ ಹಾಕಿ ನೋಡುತ್ತೇನೆ. ಅದು ನಡೆದರೆ ದೋಷ ಹಳೆಯದರ ಸರ್ಕ್ಯೂಟಿನಲ್ಲಿದೆ. ಇಂತಹ ಹೆಡ್‌ಗಳು ಇಂಕನ್ನು ಕ್ಷಣಮಾತ್ರ ಕಾಯಿಸಿ ಹನಿ ಚಿಮ್ಮಿಸುತ್ತವೆ, ಆ ಬಿಸಿಯನ್ನು ಹೊತ್ತೊಯ್ಯುವುದೂ ಇಂಕೇ. ಖಾಲಿಯಾದ ಮೇಲೂ ಪ್ರಿಂಟ್ ಮಾಡುತ್ತಿದ್ದರೆ ಒಳಗಿನ ಹೀಟರ್‌ಗಳು ಸುಟ್ಟುಹೋಗುತ್ತವೆ. ಅಂಥದ್ದನ್ನು ಎಷ್ಟು ಒರೆಸಿದರೂ ಫಲವಿಲ್ಲ, ಬದಲಿಸಬೇಕು. ಹಾಗಾಗಿ ಅಕ್ಷರ ಮಸುಕಾದ ಕೂಡಲೇ ನಿಲ್ಲಿಸಿ, ಸಿರಿಂಜಿನಲ್ಲಿ ನಿಧಾನವಾಗಿ ತುಂಬಿ, ರಂಧ್ರದಲ್ಲಿ ಇಂಕ್ ಕಾಣಿಸಿದೊಡನೆ ಸ್ವಲ್ಪ ಹಿಂದಕ್ಕೆಳೆದುಕೊಳ್ಳಿ.